ಕೆಂಪು ಬಾವುಟ ಎಲ್ಲಿ ನಿಂತಿತು?

“ಸಿಸ್ಟಮ್‌ನಲ್ಲಿ ಫ್ಲಾಗ್ ಹಾಕಿದೀನಿ ಸಾರ್, ರಿಮೈಂಡರೂ ಇಟ್ಟಿದೀನಿ. ಫೋನ್‌ನಲ್ಲಿ ಬಂದೇ ಇಲ್ಲ.”

ದೊಡ್ಡಬಳ್ಳಾಪುರದ ಅಪ್ಯಾರಲ್ ಪಾರ್ಕಿನ ಒಂದು ಘಟಕದಲ್ಲಿ ಮರ್ಚಂಡೈಸರ್ ಆಗಿರುವವರು ಒಂದು ಸೋಮವಾರ ಬೆಳಿಗ್ಗೆ ಹೀಗೆ ಫೋನ್ ಮಾಡಿದರು. ಹೊರದೇಶದ ಖರೀದಿದಾರರು ಲ್ಯಾಬ್ ಡಿಪ್ ಬಗ್ಗೆ ಬರೆದಿದ್ದ ಮೇಲ್ ಅದು. ಬಟ್ಟೆಗೆ ಬಣ್ಣ ಹಾಕುವ ಮೊದಲು ಚಿಕ್ಕ ತುಂಡುಗಳಿಗೆ ಎ, ಬಿ, ಸಿ ಎಂದು ಎರಡು ಮೂರು ಛಾಯೆ ಕೊಟ್ಟು ಕಳಿಸುತ್ತಾರೆ. ಅದರಲ್ಲಿ ಒಂದನ್ನು ಒಪ್ಪಿದ ಮೇಲೆಯೇ ಸಾವಿರಾರು ಮೀಟರ್ ಬಣ್ಣಕ್ಕೆ ಇಳಿಯುವುದು. “ಇನ್ನೂ ಸ್ವಲ್ಪ ಗಾಢ ಬೇಕು, ಕೆಂಪು ಕಡಿಮೆ ಮಾಡಿ” ಎಂಬ ಎರಡು ಸಾಲಿಗೆ ಉತ್ತರ ಎರಡು ದಿನ ತಡವಾದರೆ ಬಟ್ಟೆ ಕಾರ್ಖಾನೆಗೆ ಬರುವ ದಿನ ಮುಂದಕ್ಕೆ ಹೋಗುತ್ತದೆ, ಅದರ ಹಿಂದೆ ಕಟಿಂಗ್, ಹೊಲಿಗೆ, ಶಿಪ್‌ಮೆಂಟ್ ಎಲ್ಲವೂ ಹೋಗುತ್ತವೆ. ಆಕೆ ಮೇಲ್‌ಗೆ ಔಟ್‌ಲುಕ್‌ನಲ್ಲಿ ಕೆಂಪು ಬಾವುಟ ಹಾಕಿ, ಫೋನಿನ ಟು-ಡು ಪಟ್ಟಿ ನೆನಪಿಸುತ್ತದೆಂದು ನಂಬಿ ಮನೆಗೆ ಹೋಗಿದ್ದರು. ಪಟ್ಟಿ ನೆನಪಿಸಲಿಲ್ಲ.

ಈ ಜಿಲ್ಲೆಯ ಸಣ್ಣಪುಟ್ಟ ಕಚೇರಿಗಳ ಕಂಪ್ಯೂಟರು, ಮೇಲು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಬಾಶೆಟ್ಟಿಹಳ್ಳಿಯಿಂದ ನೆಲಮಂಗಲದ ಗೋದಾಮುಗಳವರೆಗೆ ಇದೇ ದೂರನ್ನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ದೂರು ಒಂದೇ ಆದರೂ ಕಾರಣ ಪ್ರತಿ ಸಲವೂ ಬೇರೆ. ಆದರೆ ಎಲ್ಲರೂ ಶುರು ಮಾಡುವುದು ಒಂದೇ ಕಡೆ, ಫೋನಿನಿಂದ. ಆ್ಯಪ್ ತೆಗೆದು ಮತ್ತೆ ಹಾಕುತ್ತಾರೆ, ಫೋನ್ ಆಫ್ ಮಾಡಿ ಆನ್ ಮಾಡುತ್ತಾರೆ, ಕೊನೆಗೆ ಹೊಸ ಫೋನನ್ನೇ ತರುತ್ತಾರೆ. ನಾನು ಕಂಡ ಮಟ್ಟಿಗೆ ತಪ್ಪು ಫೋನಿನಲ್ಲಿ ಇರುವುದು ಅಪರೂಪ. ಬಾವುಟ ಫೋನಿನ ಹೊಸ್ತಿಲವರೆಗೆ ಬಂದಿರುವುದೇ ಇಲ್ಲ.

ನಮ್ಮ ಅಜ್ಜಿ ಏನಾದರೂ ಮರೆಯಬಾರದು ಅಂದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಸೀರೆ ಬದಲಿಸಿದರೆ ಗಂಟು ಹಳೆಯ ಸೀರೆಯಲ್ಲೇ ಉಳಿಯುತ್ತಿತ್ತು. ಮೇಲ್ ಮೇಲಿನ ಬಾವುಟವೂ ಅಂಥ ಗಂಟೇ. ಅದು ಒಂದು ಕೆಲಸವಲ್ಲ, ಒಂದು ಪತ್ರದ ಮೇಲೆ ಹಾಕಿದ ಗುರುತು. ಆ ಪತ್ರ ಎಲ್ಲಿದೆಯೋ ಗುರುತೂ ಅಲ್ಲೇ ಇರುತ್ತದೆ. ಹಾಗಾದರೆ ಕಂಪ್ಯೂಟರಿನಲ್ಲಿ ಮಾತ್ರ ಅದು ಕೆಲಸದ ಪಟ್ಟಿಯಲ್ಲಿ ಕಾಣುವುದು ಹೇಗೆ? ಔಟ್‌ಲುಕ್ 2007ರ ಆವೃತ್ತಿಯಿಂದ ಒಂದು ಅನುಕೂಲ ಸೇರಿತು. ನಿಜವಾದ ಟಾಸ್ಕ್‌ಗಳನ್ನೂ ಬಾವುಟ ಹಾಕಿದ ಮೇಲ್‌ಗಳನ್ನೂ ಹುಡುಕಿ ತಂದು ಒಂದೇ ಪಟ್ಟಿಯಲ್ಲಿ ತೋರಿಸುವ ಅನುಕೂಲ ಅದು. ನೋಡಲು ಎರಡೂ ಒಂದೇ ಜಾತಿಯವು ಅನಿಸುತ್ತವೆ. ಒಳಗೆ ಟಾಸ್ಕ್ ಇರುವುದು ಟಾಸ್ಕ್‌ಗಳ ಫೋಲ್ಡರಿನಲ್ಲಿ, ಬಾವುಟದ ಮೇಲ್ ಇರುವುದು ಇನ್‌ಬಾಕ್ಸ್‌ನಲ್ಲಿ. ಪಟ್ಟಿ ಕೇವಲ ಹುಡುಕಾಟದ ಫಲಿತಾಂಶ, ಅದರಲ್ಲಿ ಏನನ್ನೂ ಇಟ್ಟಿರುವುದಿಲ್ಲ. ಫೋನಿಗೆ ಹೋಗುವುದು ಫೋಲ್ಡರುಗಳು, ಈ ಪಟ್ಟಿಯಲ್ಲ. ಇಷ್ಟು ತಿಳಿದರೆ ಮುಂದಿನ ಗೋಜಲಿನಲ್ಲಿ ಅರ್ಧ ಬಿಡಿಸಿದಂತೆ.

ಬಾವುಟದ ಜೊತೆಗೆ ಇನ್ನೂ ಎರಡು ಸಂಗತಿ ಇರಬಹುದು, ಗಡುವಿನ ದಿನಾಂಕ ಮತ್ತು ಗಂಟೆ ಬಾರಿಸುವ ಸಮಯ. ಇವೆರಡು ಬೇರೆ ಬೇರೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಬಾವುಟದ ಮೇಲೆ ಬಲ ಗುಂಡಿ ಒತ್ತಿ `Tomorrow` ಎಂದು ಆರಿಸಿದರೆ ದಿನಾಂಕ ಮಾತ್ರ ಬೀಳುತ್ತದೆ, ಗಂಟೆ ಬಾರಿಸುವುದಿಲ್ಲ. ಅದಕ್ಕೆ `Add Reminder` ಎಂದು ಬೇರೆಯಾಗಿ ಸೇರಿಸಬೇಕು. “ರಿಮೈಂಡರ್ ಇಟ್ಟಿದ್ದೆ” ಎನ್ನುವವರಲ್ಲಿ ಹಲವರು ಇಟ್ಟಿರುವುದು ದಿನಾಂಕವನ್ನಷ್ಟೇ. `Next Week` ಇನ್ನೂ ಮೋಸದ್ದು. ಅದು ಮುಂದಿನ ವಾರದ ಮೊದಲ ಕೆಲಸದ ದಿನವನ್ನು ಆರಂಭವೆಂದೂ ಕೊನೆಯ ಕೆಲಸದ ದಿನವನ್ನು ಗಡುವೆಂದೂ ಬರೆದುಕೊಳ್ಳುತ್ತದೆ. ಮೈಕ್ರೋಸಾಫ್ಟ್ ಟು ಡು ಆ್ಯಪಿನಲ್ಲಿ ಆರಂಭದ ದಿನ ಎಂಬ ಕಾಲಮ್ಮೇ ಇಲ್ಲ, ಅದು ತೋರಿಸುವುದು ಗಡುವನ್ನು. ಹಾಗಾಗಿ ಸೋಮವಾರ ಬೆಳಿಗ್ಗೆ ಫೋನಿನಲ್ಲಿ ಹುಡುಕುವವರಿಗೆ ಅದು ಸಿಗುವುದಿಲ್ಲ, ಶುಕ್ರವಾರದ ಸಾಲಿನಲ್ಲಿ ಕೂತಿರುತ್ತದೆ. ಶನಿವಾರವೂ ನಡೆಯುವ ನಮ್ಮ ಕಾರ್ಖಾನೆಗಳಿಗೆ ಇನ್ನೊಂದು ತೊಡಕು ಇದೆ. ಔಟ್‌ಲುಕ್ ತಾನಾಗಿ ತಿಳಿದುಕೊಂಡಿರುವ ಕೆಲಸದ ವಾರ ಸೋಮವಾರದಿಂದ ಶುಕ್ರವಾರದವರೆಗಿನದು. ಕ್ಯಾಲೆಂಡರ್ ಆಯ್ಕೆಗಳಲ್ಲಿ ಶನಿವಾರಕ್ಕೂ ಗುರುತು ಹಾಕುವವರೆಗೆ `This Week` ಎಂದರೆ ಅದರ ಲೆಕ್ಕದಲ್ಲಿ ಶುಕ್ರವಾರವೇ.

ಇನ್ನು ದಾರಿಯ ಮಾತು. ಬಾವುಟ ಕಂಪ್ಯೂಟರಿನಿಂದ ನೇರವಾಗಿ ಫೋನಿಗೆ ಹಾರುವುದಿಲ್ಲ. ಕಂಪ್ಯೂಟರಿನಿಂದ ಮೇಲ್ ಸರ್ವರಿಗೆ ಹೋಗಬೇಕು, ಸರ್ವರಿನಿಂದ ಫೋನಿಗೆ ಇಳಿಯಬೇಕು. ಮೊದಲ ಹೆಜ್ಜೆಯಲ್ಲೇ ಎಷ್ಟೋ ಬಾವುಟಗಳು ಬಿದ್ದುಹೋಗುತ್ತವೆ.

ನೆಲಮಂಗಲದ ಒಂದು ಲಾರಿ ಕಚೇರಿಯ ಉದಾಹರಣೆ ತೆಗೆದುಕೊಳ್ಳಿ. ವೆಬ್‌ಸೈಟ್ ಮಾಡಿಕೊಟ್ಟವರೇ ಅಗ್ಗದ ಹೋಸ್ಟಿಂಗ್ ಜೊತೆಗೆ ನಾಲ್ಕು ಮೇಲ್ ವಿಳಾಸ ಕೊಟ್ಟಿದ್ದರು. ಮೊದಲಿಗೆ ಅದನ್ನು ಔಟ್‌ಲುಕ್‌ಗೆ ಪಿಒಪಿ ವಿಧಾನದಲ್ಲಿ ಜೋಡಿಸಿದ್ದರು. ಪಿಒಪಿ ಎಂದರೆ ಅಂಚೆ ಪೆಟ್ಟಿಗೆಯಿಂದ ಪತ್ರ ಎತ್ತಿಕೊಂಡು ಮನೆಗೆ ತಂದಂತೆ. ತಂದ ಮೇಲೆ ಅದರ ಮೇಲೆ ನೀವು ಏನೇ ಗೀಚಿದರೂ ಅಂಚೆ ಕಚೇರಿಗೆ ತಿಳಿಯುವುದಿಲ್ಲ. ಬಾವುಟ, ದಿನಾಂಕ, ಟಾಸ್ಕ್ ಎಲ್ಲವೂ ಆ ಕಂಪ್ಯೂಟರಿನ ಪಿಎಸ್‌ಟಿ ಫೈಲಿನಲ್ಲೇ ಉಳಿಯುತ್ತವೆ. ಫೋನ್ ಎಷ್ಟು ಸಿಂಕ್ ಮಾಡಿದರೂ ಅಲ್ಲಿಗೆ ಕೈ ಚಾಚಲು ಆಗದು. ಇದನ್ನು ಹೇಳಿದ ಮೇಲೆ ಅವರು ಯಾರನ್ನೋ ಕೇಳಿ ಐಮ್ಯಾಪ್‌ಗೆ ಬದಲಾಯಿಸಿದರು. ಈ ಸಲ ಫೋನಿನ ಮೇಲ್ ಆ್ಯಪಿನಲ್ಲಿ ನಕ್ಷತ್ರ ಮೂಡಿತು, ಸಂತೋಷವಾಯಿತು. ಟು-ಡು ಪಟ್ಟಿ ಮಾತ್ರ ಖಾಲಿಯೇ. ಕಾರಣ ಸರ್ವರನ್ನೇ ಕೇಳಿದರೆ ತಿಳಿಯುತ್ತದೆ. ಐಮ್ಯಾಪ್ ಭಾಷೆಯಲ್ಲಿ ಒಂದು ಮೇಲ್‌ನ ಗುರುತುಗಳನ್ನು ಕೇಳುವುದೂ ಉತ್ತರ ಬರುವುದೂ ಹೀಗೆ:

```
a2 FETCH 214 (FLAGS)
* 214 FETCH (FLAGS (\Seen \Flagged))
a2 OK FETCH completed
```

“ಓದಿದ್ದಾರೆ, ಬಾವುಟ ಹಾಕಿದ್ದಾರೆ.” ಸರ್ವರಿಗೆ ತಿಳಿದಿರುವುದು ಇಷ್ಟೇ. ಐಮ್ಯಾಪ್ ನಿಯಮ ರೂಪಿಸಿದವರು `\Flagged` ಎಂಬ ಗುರುತನ್ನು ಹೌದು-ಅಲ್ಲ ಎಂಬಷ್ಟಕ್ಕೆ ಇಟ್ಟರು. ಯಾವಾಗ, ಎಷ್ಟು ಗಂಟೆಗೆ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಟಾಸ್ಕ್ ಇಡುವ ಫೋಲ್ಡರೂ ಐಮ್ಯಾಪ್‌ನಲ್ಲಿ ಇಲ್ಲ. ಹಾಗಾಗಿ ಔಟ್‌ಲುಕ್ ಐಮ್ಯಾಪ್ ಖಾತೆಯ ಟಾಸ್ಕ್‌ಗಳನ್ನು ಬೇರೆಯಾಗಿ ತನ್ನ ಹತ್ತಿರವೇ ಇಟ್ಟುಕೊಂಡು ಆ ಫೋಲ್ಡರಿನ ಹೆಸರಿನ ಪಕ್ಕ `(This computer only)` ಎಂದು ಬರೆಯುತ್ತದೆ. ಕಾಯಿಲೆಯ ಹೆಸರು ಪರದೆಯ ಮೇಲೆಯೇ ಇರುತ್ತದೆ, ಯಾರೂ ಓದುವುದಿಲ್ಲ. ಆ ಮೂರು ಪದ ಕಂಡರೆ ಫೋನಿನ ಕಡೆ ಹುಡುಕುವುದನ್ನು ಅಲ್ಲಿಗೆ ನಿಲ್ಲಿಸಬಹುದು. ಲಾರಿ ಕಚೇರಿಯವರಿಗೆ ನಾನು ಹೇಳಿದ್ದು ಬಾವುಟದ ಆಸೆ ಬಿಡಿ ಎಂದು. ಕೆಲಸವನ್ನು ಫೋನಿನ ಪಟ್ಟಿಯಲ್ಲೇ ನೇರವಾಗಿ ಬರೆದುಕೊಳ್ಳುವುದು ಅವರಿಗೆ ಸುಲಭ. ಮೇಲ್ ವ್ಯವಸ್ಥೆಯನ್ನೇ ಬದಲಿಸುವಷ್ಟು ಮೇಲ್ ಅವರಿಗೆ ಬರುವುದೂ ಇಲ್ಲ.

ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್ ಅಥವಾ ಈಗಿನ ಮೈಕ್ರೋಸಾಫ್ಟ್ 365 ಮೇಲ್ ಇರುವ ಕಡೆ ಕಥೆ ಬೇರೆ. ಅಲ್ಲಿ ಬಾವುಟ, ಗಡುವು, ಗಂಟೆಯ ಸಮಯ ಮೂರೂ ಸರ್ವರಿಗೆ ಹೋಗುತ್ತವೆ. ಟಾಸ್ಕ್ ಫೋಲ್ಡರೂ ಸರ್ವರಿನಲ್ಲೇ ಇರುತ್ತದೆ. ಮೊದಲ ಹೆಜ್ಜೆ ಸರಿಯಾಗಿ ಮುಗಿಯುತ್ತದೆ. ತೊಡಕು ಎರಡನೆಯ ಹೆಜ್ಜೆಯಲ್ಲಿ.

ಫೋನ್ ಮತ್ತು ಎಕ್ಸ್‌ಚೇಂಜ್ ಮಾತಾಡುವ ಹಳೆಯ ಭಾಷೆಗೆ ಆ್ಯಕ್ಟಿವ್‌ಸಿಂಕ್ ಎಂದು ಹೆಸರು. ಅದರಲ್ಲಿ ಟಾಸ್ಕ್ ಒಂದು ವಿಭಾಗ, ಮೇಲ್ ಇನ್ನೊಂದು ವಿಭಾಗ. ಬಾವುಟ ಹೋಗುವುದು ಮೇಲ್ ವಿಭಾಗದ ಜೊತೆ. ತಮಾಷೆಯೆಂದರೆ ಗಡುವೂ ಗಂಟೆಯ ಸಮಯವೂ ಅದರ ಜೊತೆಗೇ ಫೋನಿನವರೆಗೆ ಪ್ರಯಾಣ ಮಾಡಬಲ್ಲವು. ಫೋನಿನ ಮೇಲ್ ಆ್ಯಪು ಬಾವುಟದ ಚಿತ್ರ ಮಾತ್ರ ತೋರಿಸಿ ಉಳಿದದ್ದನ್ನು ಬದಿಗಿಡುತ್ತದೆ. ಪಕ್ಕದ ರಿಮೈಂಡರ್ ಆ್ಯಪಿಗೆ ಅದನ್ನು ದಾಟಿಸುವ ಕೆಲಸ ತನ್ನದಲ್ಲ ಎಂದು ಅದರ ಲೆಕ್ಕ. ಐಫೋನಿನಲ್ಲಿ ಎಕ್ಸ್‌ಚೇಂಜ್ ಖಾತೆ ಸೇರಿಸಿದರೆ ಖಾತೆಯ ಒಳಗೆ `Reminders` ಎಂಬ ಗುಂಡಿ ಇರುತ್ತದೆ. ಅದನ್ನು ಹಚ್ಚಿದರೆ ಔಟ್‌ಲುಕ್ ಟಾಸ್ಕ್‌ಗಳು ಫೋನಿನ ರಿಮೈಂಡರ್ಸ್ ಆ್ಯಪಿಗೆ ಬರುತ್ತವೆ. 2011ರ ಐಒಎಸ್ 5ರಿಂದ ಈ ಸೌಲಭ್ಯವಿದೆ. ಬರುವುದು ಟಾಸ್ಕ್‌ಗಳು ಮಾತ್ರ, ಬಾವುಟದ ಮೇಲ್‌ಗಳು ಬರುವುದಿಲ್ಲ. ಆ ಗುಂಡಿಯೇ ಕಾಣದಿದ್ದರೆ ಖಾತೆ ಐಮ್ಯಾಪ್ ಆಗಿ ಸೇರಿದೆ ಎಂದು ತಿಳಿಯಬಹುದು. ಇನ್ನು ಮೇಲ್ ಖಾತೆಯನ್ನು ಔಟ್‌ಲುಕ್ ಆ್ಯಪಿನಲ್ಲಿ ಮಾತ್ರ ಹಾಕಿಕೊಂಡಿದ್ದರೆ ಫೋನಿನ ಸ್ವಂತ ಪಟ್ಟಿಗೆ ಯಾವುದೂ ಬಾರದು. ಆ ಆ್ಯಪು ತನ್ನ ಮನೆಯ ಸಾಮಾನನ್ನು ಆಚೆ ಮನೆಗೆ ಕೊಡುವುದಿಲ್ಲ.

ಬಾವುಟದ ಮೇಲ್‌ಗಳನ್ನು ನಿಜವಾಗಿ ಕೆಲಸದ ಪಟ್ಟಿಗೆ ತರುವ ಆ್ಯಪು ಮೈಕ್ರೋಸಾಫ್ಟ್ ಟು ಡು. ವಂಡರ್‌ಲಿಸ್ಟ್ ಎಂಬ ಜನಪ್ರಿಯ ಆ್ಯಪನ್ನು 2015ರಲ್ಲಿ ಕೊಂಡ ಕಂಪನಿ 2017ರಲ್ಲಿ ಇದನ್ನು ಹೊರತಂದು, 2020ರ ಮೇನಲ್ಲಿ ವಂಡರ್‌ಲಿಸ್ಟನ್ನು ಮುಚ್ಚಿತು. ಟು ಡು ಸೆಟ್ಟಿಂಗ್ಸ್‌ನಲ್ಲಿ `Flagged email` ಎಂಬುದನ್ನು ಹಚ್ಚಿದರೆ ಆ ಹೆಸರಿನ ಒಂದು ಪಟ್ಟಿ ತೆರೆದುಕೊಂಡು, ಬಾವುಟ ಹಾಕಿದ ಪ್ರತಿ ಮೇಲ್ ಒಂದೊಂದು ಟಾಸ್ಕ್ ಆಗಿ ಅದರಲ್ಲಿ ಕೂರುತ್ತದೆ. ಹಚ್ಚಿದ ದಿನ ಹಿಂದಿನದೆಲ್ಲ ಬರುವುದಿಲ್ಲ, ಕಳೆದ 30 ದಿನದೊಳಗಿನವು, ಅದರಲ್ಲೂ ಹೆಚ್ಚೆಂದರೆ 100 ಮಾತ್ರ ಬರುತ್ತವೆ. ಆಮೇಲೆ ಹೊಸದಾಗಿ ಹಾಕಿದವೆಲ್ಲ ಬರುತ್ತವೆ. ಎರಡು ತಿಂಗಳ ಹಿಂದಿನ ಬಾವುಟ ಕಾಣಲಿಲ್ಲ ಎಂದು ಗಾಬರಿಯಾಗುವುದು ಬೇಡ, ಅದನ್ನು ತೆಗೆದು ಮತ್ತೆ ಹಾಕಿ ನೋಡಬೇಕು.

ಇದಕ್ಕೆ ಒಂದು ಕಟ್ಟುನಿಟ್ಟು ಇದೆ. ಮೇಲ್ ಪೆಟ್ಟಿಗೆ ಮೈಕ್ರೋಸಾಫ್ಟ್ ಮನೆಯಲ್ಲೇ ಇರಬೇಕು, ಮೈಕ್ರೋಸಾಫ್ಟ್ 365 ಅಥವಾ ಅವರ ಔಟ್‌ಲುಕ್ ಡಾಟ್ ಕಾಮ್, ಹಾಟ್‌ಮೇಲ್ ಬಗೆಯದು. ಔಟ್‌ಲುಕ್‌ಗೆ ಜೋಡಿಸಿದ ಜಿಮೇಲ್ ಆಗದು. ಹೊಸಕೋಟೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಾತೃಸಂಸ್ಥೆಯ ಸ್ವಂತ ಎಕ್ಸ್‌ಚೇಂಜ್ ಸರ್ವರ್ ಇತ್ತು, ಕಟ್ಟಡದೊಳಗಿನ ಯಂತ್ರ. ಔಟ್‌ಲುಕ್ ಅಚ್ಚುಕಟ್ಟಾಗಿ ನಡೆಯುತ್ತಿತ್ತು, ಐಫೋನಿಗೆ ಟಾಸ್ಕ್‌ಗಳೂ ಬರುತ್ತಿದ್ದವು. ಟು ಡು ಮಾತ್ರ ಸೊನ್ನೆ. ಟು ಡು ನೋಡುವುದು ಮೋಡದಲ್ಲಿರುವ ಎಕ್ಸ್‌ಚೇಂಜ್ ಪೆಟ್ಟಿಗೆಯನ್ನು, ಕಟ್ಟಡದೊಳಗಿನದನ್ನಲ್ಲ. ಅಲ್ಲಿ ನನ್ನ ಕೈಯಲ್ಲಿ ಮಾಡುವುದೇನೂ ಇರಲಿಲ್ಲ. ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅಂಥ ಸರ್ವರ್ ಇಟ್ಟುಕೊಂಡವರು ಹೇಗೂ ಎಲ್ಲಿಗಾದರೂ ಸಾಗಲೇಬೇಕು.

ಈಗ ಅಪ್ಯಾರಲ್ ಪಾರ್ಕಿಗೆ ಮರಳೋಣ. ಅಲ್ಲಿದ್ದದ್ದು ಮೈಕ್ರೋಸಾಫ್ಟ್ 365. ಟು ಡು ಇತ್ತು, `Flagged email` ಹಚ್ಚಿತ್ತು, ಆಂಡ್ರಾಯ್ಡ್ ಫೋನ್ ಹೊಸದು. ಇಷ್ಟು ಸರಿಯಿದ್ದೂ ಯಾಕೆ ಬರಲಿಲ್ಲ?

ಇಂಥ ಕಡೆ ನಾನು ಮೊದಲು ಮಾಡುವುದು ಒಂದು ಚಿಕ್ಕ ಪರೀಕ್ಷೆ. ಆಕೆಯ ಕಂಪ್ಯೂಟರಿನಿಂದ ಆಕೆಗೇ ಒಂದು ಮೇಲ್ ಕಳಿಸಲು ಹೇಳಿದೆ, ವಿಷಯದ ಜಾಗದಲ್ಲಿ “ಪರೀಕ್ಷೆ 1”. ಅದು ಬಂದ ಮೇಲೆ ನಾಳೆಯ ಬಾವುಟ ಹಾಕಿಸಿದೆ. ಆಮೇಲೆ ಫೋನ್ ಮುಟ್ಟದೆ, ಕಂಪ್ಯೂಟರಿನ ಬ್ರೌಸರಿನಲ್ಲೇ ವೆಬ್‌ಮೇಲ್ ತೆರೆದು ನೋಡಿದೆವು. ವೆಬ್‌ಮೇಲ್ ಎಂದರೆ ಸರ್ವರಿನ ಕಣ್ಣು. ಅಲ್ಲಿ ಬಾವುಟವೂ ದಿನಾಂಕವೂ ಕಂಡರೆ ಮೊದಲ ಹೆಜ್ಜೆ ಮುಗಿದಿದೆ ಎಂದರ್ಥ. ಅಲ್ಲೇ ಕಾಣದಿದ್ದರೆ ಫೋನ್ ಜೇಬಿನಲ್ಲಿಡಬಹುದು. ಇಲ್ಲಿ ಕಂಡಿತು. ನಂತರ ಅದೇ ಬ್ರೌಸರಿನಲ್ಲಿ ಟು ಡು ತೆರೆದೆವು, “ಪರೀಕ್ಷೆ 1” ಅಲ್ಲೂ ಇತ್ತು. ಕೊನೆಗೆ ಫೋನ್. ಒಂದು ನಿಮಿಷದೊಳಗೆ ಅಲ್ಲೂ ಬಂತು. “ಈಗ ಮಾತ್ರ ಬರುತ್ತೆ ನೋಡಿ, ನೀವು ಬಂದಿದೀರ ಅಂತ” ಎಂದರು ಆಕೆ. ಈ ಮಾತು ನನ್ನ ಕಸುಬಿನವರೆಲ್ಲ ಕೇಳಿಸಿಕೊಂಡಿರುವಂಥದ್ದೇ.

ಆಗ ಲ್ಯಾಬ್ ಡಿಪ್ ಮೇಲ್ ತೋರಿಸಿ ಎಂದೆ. ಆಕೆ ಎಡಗಡೆಯ ಪಟ್ಟಿಯಲ್ಲಿ ತಮ್ಮ ಹೆಸರಿನ ಇನ್‌ಬಾಕ್ಸ್ ದಾಟಿ ಕೆಳಗೆ ಇಳಿದರು. ಅಲ್ಲಿ ಇನ್ನೊಂದು ಪೆಟ್ಟಿಗೆ ಇತ್ತು, ಮರ್ಚಂಡೈಸಿಂಗ್ ವಿಭಾಗದ್ದು. ಖರೀದಿದಾರರ ಮೇಲ್ ಎಲ್ಲ ಅದಕ್ಕೇ ಬರುತ್ತದೆ, ನಾಲ್ಕು ಜನ ಅದನ್ನು ನೋಡುತ್ತಾರೆ. ಕಚೇರಿ ಭಾಷೆಯಲ್ಲಿ ಶೇರ್ಡ್ ಮೇಲ್‌ಬಾಕ್ಸ್. ಸಂದೇಹ ಅಲ್ಲಿಗೇ ಹೋಯಿತು. “ಪರೀಕ್ಷೆ 2” ಎಂದು ಆ ವಿಳಾಸಕ್ಕೆ ಕಳಿಸಿ, ಅಲ್ಲಿ ಬಾವುಟ ಹಾಕಿ ಕಾದೆವು. ಚಹಾ ಬಂತು, ಕುಡಿದೂ ಆಯಿತು. ಅದು ವೆಬ್‌ನ ಟು ಡುವಿನಲ್ಲೂ ಬರಲಿಲ್ಲ, ಫೋನಿನಲ್ಲೂ ಬರಲಿಲ್ಲ. ಬರುವುದೂ ಇಲ್ಲ. ಟು ಡು ನೋಡುವುದು ಲಾಗಿನ್ ಆದವರ ಸ್ವಂತ ಪೆಟ್ಟಿಗೆಯನ್ನು ಮಾತ್ರ. ಹಂಚಿಕೊಂಡ ಪೆಟ್ಟಿಗೆಯ ಬಾವುಟ ಆ ಪೆಟ್ಟಿಗೆಯದು, ಆಕೆಯದಲ್ಲ.

ಇದನ್ನು ದೋಷವೆಂದು ಬೈಯಲು ನನಗೆ ಪೂರ್ತಿ ಮನಸ್ಸಿಲ್ಲ. ಹಂಚಿಕೊಂಡ ಪೆಟ್ಟಿಗೆಯ ಬಾವುಟ ನಾಲ್ವರ ಫೋನಿನಲ್ಲೂ ಟಾಸ್ಕ್ ಆಗಿ ಮೂಡಿದ್ದರೆ ಏನಾಗುತ್ತಿತ್ತು? ಒಬ್ಬರ ಕೆಲಸ ನಾಲ್ವರಿಗೆ ಗಂಟೆ ಬಾರಿಸುತ್ತಿತ್ತು. ಈಗಲೂ ಅಲ್ಲಿ ಇರುವ ಅಪಾಯ ಸಣ್ಣದಲ್ಲ. ನಾಲ್ವರಲ್ಲಿ ಯಾರಾದರೂ ಒಬ್ಬರು ಬಾವುಟದ ಮೇಲೆ ಕೈತಪ್ಪಿ ಒತ್ತಿ ಅದನ್ನು “ಮುಗಿದಿದೆ” ಎಂದು ಮಾಡಿದರೆ ಉಳಿದ ಮೂವರಿಗೂ ಮುಗಿದೇಹೋಗುತ್ತದೆ, ಯಾರು ಒತ್ತಿದರೆಂದೂ ಕಾಣುವುದಿಲ್ಲ. ಆದರೆ ಪರದೆಯ ಮೇಲೆ ಎರಡೂ ಬಾವುಟದ ಬಣ್ಣ, ಆಕಾರ ಒಂದೇ ಇರುವುದು ಮಾತ್ರ ಅನ್ಯಾಯ. ಒಂದು ಫೋನಿಗೆ ಹೋಗುತ್ತದೆ, ಇನ್ನೊಂದು ಹೋಗುವುದಿಲ್ಲ ಎಂದು ಬಳಸುವವರಿಗೆ ತಿಳಿಯುವುದಾದರೂ ಹೇಗೆ?

ದಾರಿ ಇತ್ತು, ಹಳೆಯ ಔಟ್‌ಲುಕ್‌ನಲ್ಲೇ ಇತ್ತು. ಬಾವುಟದ ಬದಲು ಆ ಮೇಲನ್ನು ಮೌಸಿನಲ್ಲಿ ಹಿಡಿದು ಎಡಭಾಗದ ಟಾಸ್ಕ್ ಚಿಹ್ನೆಯ ಮೇಲೆ ಬಿಟ್ಟರೆ ಹೊಸ ಟಾಸ್ಕ್ ಒಂದು ತೆರೆಯುತ್ತದೆ, ಮೇಲ್‌ನ ಬರಹ ಅದರೊಳಗೆ ಬಂದಿರುತ್ತದೆ. ಹೀಗೆ ಹುಟ್ಟಿದ ಟಾಸ್ಕ್ ಆಕೆಯ ಸ್ವಂತ ಫೋಲ್ಡರಿನಲ್ಲಿ ಕೂರುತ್ತದೆ, ಮೇಲ್ ಯಾವ ಪೆಟ್ಟಿಗೆಯದೇ ಆಗಿರಲಿ. ಗಡುವು ಹಾಕಿ, ರಿಮೈಂಡರ್ ಗುರುತಿಸಿ ಸಮಯ ಬರೆದು, ಉಳಿಸಿದರೆ ಮುಗಿಯಿತು. ಟು ಡುವಿನಲ್ಲಿ ಅದು `Flagged email` ಪಟ್ಟಿಯಲ್ಲಲ್ಲ, `Tasks` ಪಟ್ಟಿಯಲ್ಲಿ ಕಾಣುತ್ತದೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಬಾವುಟದಿಂದ ಹುಟ್ಟಿದ ಟಾಸ್ಕ್‌ಗೆ ಮೇಲ್‌ನ ವಿಷಯವೇ ಹೆಸರಾಗುತ್ತದೆ. ಖರೀದಿದಾರರ ಮೇಲ್‌ಗಳ ವಿಷಯವೋ ಹತ್ತು ಸಲ ಹೋಗಿ ಬಂದು ಎಲ್ಲವೂ ಒಂದೇ ಆಗಿರುತ್ತವೆ. ಫೋನಿನಲ್ಲಿ ಒಂದರ ಕೆಳಗೊಂದು ಆರು ಒಂದೇ ಹೆಸರಿನ ಸಾಲು ಕಂಡರೆ ಯಾವುದು ಯಾವ ಆರ್ಡರಿನದು? ಟಾಸ್ಕ್ ಆದರೆ ಹೆಸರನ್ನು ನಾವೇ ಬರೆಯಬಹುದು: ಆರ್ಡರ್ ಸಂಖ್ಯೆ, ಬಣ್ಣ, ಏನು ಮಾಡಬೇಕು. ಒಂದು ನಷ್ಟವೂ ಉಂಟು. ಈ ಟಾಸ್ಕ್‌ಗೂ ಮೂಲ ಮೇಲ್‌ಗೂ ನಂಟು ಉಳಿಯುವುದಿಲ್ಲ. ಮೇಲ್‌ಗೆ ಉತ್ತರ ಕೊಟ್ಟರೂ ಟಾಸ್ಕ್ ಹಾಗೇ ಇರುತ್ತದೆ, ಅದನ್ನು ಬೇರೆಯಾಗಿ ಮುಗಿಸಬೇಕು.

ಕಂಡರೂ ಕಾಣದ ಬಾವುಟಗಳ ವಿಷಯ ಇಲ್ಲಿ ಹೇಳಬೇಕು. ದೇವನಹಳ್ಳಿಯಲ್ಲಿ ವಿಮಾನ ಸರಕು ನೋಡಿಕೊಳ್ಳುವ ಒಂದು ಕಚೇರಿಯವರು ಇದೇ ದೂರು ಹೇಳಿದಾಗ ಬಾವುಟಗಳು ಫೋನಿನೊಳಗೇ ಇದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕತೆ. ಅವರು ತೆರೆಯುತ್ತಿದ್ದದ್ದು `My Day` ಎಂಬ ಪುಟ. ಆ ಪುಟ ಪ್ರತಿ ರಾತ್ರಿ ತಾನಾಗಿ ಖಾಲಿಯಾಗುತ್ತದೆ, ನಾವು ಅಲ್ಲಿಗೆ ಎತ್ತಿಟ್ಟದ್ದು ಮಾತ್ರ ಅಲ್ಲಿರುತ್ತದೆ. ಗಡುವು ಇರುವ ಕೆಲಸಗಳು `Planned` ಎಂಬಲ್ಲಿ ದಿನದ ಪ್ರಕಾರ ಕೂತಿರುತ್ತವೆ. ದಿನಾಂಕವಿಲ್ಲದ ಬಾವುಟ ಅಲ್ಲೂ ಕಾಣದು, ತನ್ನ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಅದೇ ಕಚೇರಿಯ ಇನ್ನೊಬ್ಬ ಹುಡುಗನ ಫೋನಿನಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಅವನು ಟು ಡುವಿಗೆ ತನ್ನ ಸ್ವಂತ ಹಾಟ್‌ಮೇಲ್ ವಿಳಾಸದಿಂದ ಲಾಗಿನ್ ಆಗಿದ್ದ, ಕಚೇರಿಯದರಿಂದಲ್ಲ. ಆ್ಯಪ್ ಎರಡೂ ಖಾತೆ ಇಟ್ಟುಕೊಳ್ಳಲು ಬಿಡುತ್ತದೆ, ತೋರಿಸುವುದು ಮಾತ್ರ ಒಂದು ಸಲಕ್ಕೆ ಒಂದನ್ನೇ. ಮೇಲ್ಗಡೆ ಮೂಲೆಯ ಹೆಸರನ್ನೊಮ್ಮೆ ಓದಿದ್ದರೆ ಸಾಕಿತ್ತು.

ಟಾಸ್ಕ್ ಪಟ್ಟಿಯಲ್ಲಿದ್ದೂ ಗಂಟೆ ಬಾರಿಸದಿರುವುದು ಬೇರೆಯೇ ಕಾಯಿಲೆ, ಇದರಲ್ಲಿ ಮಾತ್ರ ಫೋನ್ ತಪ್ಪಿತಸ್ಥ. ಆಂಡ್ರಾಯ್ಡ್ 13ರಿಂದ ಈಚೆಗೆ ಹೊಸ ಆ್ಯಪು ಸೂಚನೆ ಕಳಿಸಲು ಅನುಮತಿ ಕೇಳಬೇಕು. ಆ್ಯಪ್ ಹಾಕುವಾಗ ಅವಸರದಲ್ಲಿ “ಬೇಡ” ಒತ್ತಿದರೆ ಅಲ್ಲಿಗೆ ಮುಗಿಯಿತು. ಸರಿಯಾದ ನಿಮಿಷಕ್ಕೆ ಬಾರಿಸಲು ಇನ್ನೊಂದು ಅನುಮತಿ ಬೇರೆ ಇದೆ, ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು `Alarms & reminders`. ಅದರ ಮೇಲೆ ಬ್ಯಾಟರಿ ಉಳಿಸುವ ಹುಮ್ಮಸ್ಸಿನಲ್ಲಿ ಕೆಲವು ಫೋನುಗಳು ದಿನಗಟ್ಟಲೆ ತೆರೆಯದ ಆ್ಯಪನ್ನು ಮಲಗಿಸಿಬಿಡುತ್ತವೆ. ಪತ್ತೆ ಹಚ್ಚುವುದು ಸುಲಭ. ಆ್ಯಪ್ ತೆರೆದ ಕೂಡಲೇ ತಡವಾದ ಸೂಚನೆಗಳು ಒಟ್ಟಿಗೆ ಬಡಬಡ ಎಂದು ಬಂದರೆ ಬ್ಯಾಟರಿ ಪಟ್ಟಿಯಿಂದ ಅದನ್ನು ಹೊರಗಿಡಬೇಕು.

ದಿನಾಂಕ ಒಂದು ದಿನ ಹಿಂದೆ ಕಾಣುವುದೂ ಉಂಟು, ವಿಶೇಷವಾಗಿ ಎರಡು ಬೇರೆ ಕಂಪನಿಯ ಪಟ್ಟಿಗಳನ್ನು ಬೆಸೆಯುವ ಮೂರನೆಯವರ ಆ್ಯಪು ಬಳಸಿದಾಗ. ಗಡುವು ಎಂದರೆ ಬರೀ ದಿನ. ಕೆಲವು ಆ್ಯಪುಗಳು ಅದನ್ನು ಆ ದಿನದ ಮಧ್ಯರಾತ್ರಿ 12 ಗಂಟೆ ಎಂದು ಬರೆದು, ಗ್ರೀನಿಚ್ ಕಾಲಕ್ಕೆ ತಿರುಗಿಸುತ್ತವೆ. ನಾವು ಐದೂವರೆ ತಾಸು ಮುಂದೆ ಇದ್ದೇವೆ. ಹಾಗಾಗಿ 12ನೇ ತಾರೀಖಿನ ಮಧ್ಯರಾತ್ರಿ 11ರ ಸಂಜೆ ಆರೂವರೆ ಆಗುತ್ತದೆ, ಇನ್ನೊಂದು ಆ್ಯಪು ಗಡಿಯಾರ ಬಿಟ್ಟು ದಿನವನ್ನಷ್ಟೇ ಓದಿ 11 ಎಂದು ತೋರಿಸುತ್ತದೆ. ಯಾವಾಗಲೂ ಸರಿಯಾಗಿ ಒಂದು ದಿನ ಹಿಂದೆ ಬಿದ್ದರೆ ಕಾರಣ ಇದೇ ಎಂದು ಬಹುಮಟ್ಟಿಗೆ ಹೇಳಬಹುದು.

ಗೂಗಲ್ ಮೇಲ್ ಬಳಸುವ ಕಚೇರಿಗಳೂ ಇಲ್ಲಿ ಬೇಕಾದಷ್ಟಿವೆ, ಅವರ ಕಥೆ ಚಿಕ್ಕದು. ಜಿಮೇಲ್‌ನ ನಕ್ಷತ್ರ ಬರೀ ನಕ್ಷತ್ರ, ಅದು ಎಂದೂ ಗೂಗಲ್ ಟಾಸ್ಕ್ಸ್ ಪಟ್ಟಿಗೆ ಹೋಗುವುದಿಲ್ಲ, ಸೆಟ್ಟಿಂಗ್ ಹುಡುಕಿ ಪ್ರಯೋಜನವಿಲ್ಲ. ಮೇಲ್ ತೆರೆದು `Add to Tasks` ಒತ್ತಿದರೆ ಮೇಲ್‌ನ ಕೊಂಡಿಯ ಸಮೇತ ಟಾಸ್ಕ್ ಹುಟ್ಟುತ್ತದೆ, ಟಾಸ್ಕ್ಸ್ ಆ್ಯಪಿದ್ದ ಫೋನಿಗೆ ಬರುತ್ತದೆ. ಬೇರೆ ಆ್ಯಪುಗಳ ಜೊತೆ ಅದನ್ನು ಬೆಸೆಯಲು ಹೊರಟವರು ಒಂದು ಮಿತಿ ತಿಳಿದಿರಬೇಕು. ಗೂಗಲ್ ಹೊರಗಿನವರಿಗೆ ಕೊಡುವ ಬಾಗಿಲಿನಲ್ಲಿ ಗಡುವಿನ ದಿನ ಮಾತ್ರ ದಾಟುತ್ತದೆ, ಗಂಟೆ ಉದುರಿಹೋಗುತ್ತದೆ. ಸಂಜೆ ನಾಲ್ಕಕ್ಕೆಂದು ಇಟ್ಟದ್ದು ಆಚೆ ಕಡೆ ಬರೀ “ಆ ದಿನ” ಆಗುತ್ತದೆ. ಸಾಮ್‌ಸಂಗ್ ಫೋನಿನವರಿಗೆ ಒಂದು ಅನುಕೂಲ ಇದೆ, ಅದರ ಸ್ವಂತ ರಿಮೈಂಡರ್ ಆ್ಯಪನ್ನು ಮೈಕ್ರೋಸಾಫ್ಟ್ ಟು ಡು ಜೊತೆ ಜೋಡಿಸಬಹುದು. ಆ್ಯಪಲ್ ಮೇಲ್‌ನಲ್ಲಿ 2022ರ ಐಒಎಸ್ 16ರಿಂದ ಒಂದು ಮೇಲನ್ನು ನಂತರ ನೆನಪಿಸುವ ಆಯ್ಕೆ ಬಂದಿದೆ, ಅದು ಮೇಲ್ ಆ್ಯಪಿನೊಳಗೇ ಮತ್ತೆ ಮೇಲೆ ಬಂದು ಕೂರುತ್ತದೆ, ರಿಮೈಂಡರ್ಸ್ ಪಟ್ಟಿಯಲ್ಲಿ ಅಲ್ಲ. ಪ್ರತಿ ಕಂಪನಿಗೂ ಗಂಟು ತನ್ನ ಸೀರೆಯಲ್ಲೇ ಇರಲಿ ಎಂಬ ಆಸೆ.

ಅಪ್ಯಾರಲ್ ಪಾರ್ಕಿನ ಘಟಕದಲ್ಲಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಹಂಚಿಕೊಂಡ ಪೆಟ್ಟಿಗೆಯ ಬಾವುಟ ಎಂದರೆ “ಇದಿನ್ನೂ ಯಾರ ಕೈಗೂ ಹೋಗಿಲ್ಲ” ಎಂದು ಮಾತ್ರ ಅರ್ಥ. ಯಾರು ಕೆಲಸ ಎತ್ತಿಕೊಂಡರೋ ಅವರು ಮೇಲನ್ನು ತಮ್ಮ ಟಾಸ್ಕ್‌ಗೆ ಎಳೆದುಕೊಂಡು, ಪೆಟ್ಟಿಗೆಯ ಬಾವುಟ ತೆಗೆದು, ತಮ್ಮ ಹೆಸರಿನ ಬಣ್ಣದ ಗುರುತು ಹಾಕಬೇಕು. ಕ್ಯಾಲೆಂಡರಿನಲ್ಲಿ ಶನಿವಾರವನ್ನೂ ಕೆಲಸದ ದಿನವಾಗಿಸಿದೆವು. ನಾನು ಹೊರಡುವಾಗ ಆಕೆ ಫೋನಿನಲ್ಲಿ `Tasks` ಪಟ್ಟಿ ತೆರೆದು ತೋರಿಸಿದರು. “ನೇವಿ, ಆಪ್ಷನ್ ಬಿ, ಇನ್ನೂ ಗಾಢ, ಬುಧವಾರ 11ಕ್ಕೆ ಡೈಯಿಂಗ್‌ನವರಿಗೆ ಫೋನ್.” “ಪರೀಕ್ಷೆ 1” ಕೂಡ ಹಾಗೇ ಉಳಿದಿತ್ತು, `Flagged email` ಪಟ್ಟಿಯಲ್ಲಿ, ನಾಳೆಯ ದಿನಾಂಕ ಹೊತ್ತು. ಅಳಿಸಲೇ ಎಂದು ಕೇಳಿದೆ. “ಇರಲಿ ಬಿಡಿ ಸಾರ್, ನಾಳೆ ಬರುತ್ತೋ ಇಲ್ವೋ ನೋಡ್ತೀನಿ” ಅಂದರು.